ಪೈಪ್‌ಲೈನ್ ನಿಧಾನವಾದರೆ ಮೊದಲು ಎಣಿಸಬೇಕಾದದ್ದು ಸುಳ್ಳು ಫೇಲ್

"ನಮ್ಮಲ್ಲಿ 200 ಎಂಡ್-ಟು-ಎಂಡ್ ಟೆಸ್ಟ್ ಇವೆ. ಪೈಪ್‌ಲೈನ್ ಮುಗಿಯೋಕೆ ಒಂದೂವರೆ ಗಂಟೆ ಬೇಕು. ಮಷೀನ್ ಜಾಸ್ತಿ ಹಾಕಿದ್ರೆ ಸಾಕಾ, ಇಲ್ಲಾ ಟೆಸ್ಟ್ ಪಿರಮಿಡ್ ಅಂತಾರಲ್ಲ, ಆ ಕಡೆ ಹೋಗಬೇಕಾ?"

ಮಷೀನ್ ಹಾಕಿದರೆ ಸಮಯ ಇಳಿಯುತ್ತದೆ, ಸುಳ್ಳು ಫೇಲ್ ಇಳಿಯುವುದಿಲ್ಲ. ಅದಕ್ಕೆ ಪಿರಮಿಡ್ ಕಡೆಗೇ ಹೋಗಿ: ಕೆಳಗೆ ಒಂದೊಂದೇ ಫಂಕ್ಷನ್ ನೋಡುವ ಯೂನಿಟ್ ಟೆಸ್ಟ್ ಹೆಚ್ಚು, ನಡುವೆ ಇಂಟಿಗ್ರೇಷನ್ ಟೆಸ್ಟ್, ತುದಿಯಲ್ಲಿ ಎಂಡ್-ಟು-ಎಂಡ್ ಟೆಸ್ಟ್ ಕೆಲವೇ.

ಕೋಡ್ ಸರಿಯಿದ್ದರೂ ಪುಟ ತಡವಾಗಿ ತೆರೆಯಿತು, ಹಿಂದಿನ ಟೆಸ್ಟಿನ ಡೇಟಾ ಅಡ್ಡ ಬಂತು ಅಂತ ಪ್ರತಿ ಟೆಸ್ಟ್ 1000 ಸಲಕ್ಕೆ 5 ಸಲ ಬೀಳುತ್ತದೆ ಅಂದುಕೊಳ್ಳಿ. ಒಂದೇ ಟೆಸ್ಟ್ ಇದ್ದರೆ ಅದು ಗಮನಕ್ಕೂ ಬರುವುದಿಲ್ಲ. ಆದರೆ 200 ಟೆಸ್ಟೂ ಒಟ್ಟಿಗೆ ಪಾಸಾಗಬೇಕು ಅಂದರೆ 0.995 ಅನ್ನು 200 ಸಲ ಗುಣಿಸಬೇಕು. ಸುಮಾರು 37% ಬರುತ್ತದೆ. ಏನೂ ತಪ್ಪಿಲ್ಲದ ಕೋಡ್ ಕೂಡ ಮೂರರಲ್ಲಿ ಸುಮಾರು ಎರಡು ಸಲ ಕೆಂಪಾಗುತ್ತದೆ! ಮತ್ತೆ ಓಡಿಸಬೇಕು, ಮತ್ತೆ ಕಾಯಬೇಕು. ಕಾದು ಬೇಸತ್ತವರು ನಾಲ್ಕು ಬದಲಾವಣೆ ಕೂಡಿಸಿ ಒಂದೇ ಮರ್ಜ್ ಮಾಡುತ್ತಾರೆ. ಆಮೇಲೆ ನಿಜವಾಗಿ ಬಿದ್ದಾಗ ಯಾವುದರಿಂದ ಬಿತ್ತು ಅಂತ ಹುಡುಕುವುದೇ ದಿನದ ಕೆಲಸ.

ಬಿದ್ದ ಟೆಸ್ಟನ್ನು ತಾನಾಗಿಯೇ ಮತ್ತೊಮ್ಮೆ ಓಡಿಸುವ ಸೆಟ್ಟಿಂಗ್ ಇದೆ, ಅಲ್ವಾ? ಅದರಿಂದ ಕೆಂಪು ಕಡಿಮೆಯಾಗುತ್ತದೆ, ನಿಜ. ಆದರೆ ಬಟನ್ ಬೇಗ ಎರಡು ಸಲ ಒತ್ತಿದರೆ ಎರಡು ಬಿಲ್ ಆಗುವಂಥ, ಆಗೊಮ್ಮೆ ಈಗೊಮ್ಮೆ ಬರುವ ನಿಜವಾದ ದೋಷವೂ ಅದರಲ್ಲೇ ಮುಚ್ಚಿಹೋಗುತ್ತದೆ. ನನಗೆ ಅದು ಸರಿ ಅನಿಸುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಅಲ್ಲಿ ಒಟ್ಟು ತೂಕದಿಂದ ಚೀಲದ ತೂಕ ಕಳೆಯಬೇಕು, ಕ್ವಿಂಟಲ್ ದರ ಹಚ್ಚಬೇಕು, ಹಮಾಲಿ ಲೆಕ್ಕ ಹಾಕಬೇಕು, ಪೈಸೆ ರೌಂಡ್ ಮಾಡಬೇಕು. ಇದರ ಒಂದೊಂದು ನಿಯಮವನ್ನೂ ಬ್ರೌಸರ್ ತೆರೆದು, ಲಾಗಿನ್ ಆಗಿ, ಲಾಟ್ ಸೇರಿಸಿ ಪರೀಕ್ಷಿಸಿದರೆ ಒಂದಕ್ಕೆ ಅರ್ಧ ನಿಮಿಷ ಬೇಕು. ಅದೇ ನಿಯಮಕ್ಕೆ ಯೂನಿಟ್ ಟೆಸ್ಟ್ ಬರೆದರೆ ಇಷ್ಟೇ:

```
assert net_weight(gross=412, bags=10, tare=1) == 402
```

ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಬಿದ್ದರೆ ಯಾವ ಫಂಕ್ಷನ್ ಅಂತ ನೇರವಾಗಿ ಗೊತ್ತಾಗುತ್ತದೆ.

ಹಾಗಂತ ಎಲ್ಲವನ್ನೂ ಕೆಳಗಿಳಿಸಲು ಆಗುವುದಿಲ್ಲ. ಬಿಲ್ಲಿನ ಮೊತ್ತ ಡೇಟಾಬೇಸಿನಲ್ಲಿ ಪೈಸೆ ಸಮೇತ ಉಳಿಯಿತಾ ಅನ್ನುವುದನ್ನು ಯೂನಿಟ್ ಟೆಸ್ಟ್ ಹೇಳುವುದಿಲ್ಲ. ಅದಕ್ಕೆ ನಿಜವಾದ ಡೇಟಾಬೇಸ್ ಜೊತೆ ಓಡುವ ಇಂಟಿಗ್ರೇಷನ್ ಟೆಸ್ಟ್ ಬೇಕು. ಅದಕ್ಕೂ ಬ್ರೌಸರ್ ಬೇಕಿಲ್ಲ. ಲಾಟ್ ಬಂದು, ಬಿಲ್ ಆಗಿ, ರೈತರಿಗೆ ಹಣ ಹೋಗುವ ಪೂರ್ತಿ ದಾರಿಗೆ ಮಾತ್ರ ಎಂಡ್-ಟು-ಎಂಡ್ ಟೆಸ್ಟ್ ಇಡಿ. ಅಂಥ ದಾರಿಗಳು ಹತ್ತು ಹದಿನೈದು ಇದ್ದರೆ ಹೆಚ್ಚು. 15 ಟೆಸ್ಟ್ ಇದ್ದರೆ ಮೇಲಿನ ಲೆಕ್ಕದಲ್ಲಿ ಸುಮಾರು 93% ಸಲ ಹಸಿರು.

ಸುಮ್ನೆ ಒಂದೇ ಸಲಕ್ಕೆ ಅಳಿಸಬೇಡಿ. ಕೋಡ್ ಬದಲಾಗದೆ ಮತ್ತೆ ಓಡಿಸಿದಾಗ ಪಾಸಾದ ಟೆಸ್ಟ್‌ಗಳ ಪಟ್ಟಿ ಮಾಡಿ. ಹೆಚ್ಚು ಸಲ ಹಾಗಾದ ಟೆಸ್ಟ್ ಯಾವ ನಿಯಮವನ್ನು ನೋಡುತ್ತಿದೆ ಅಂತ ಓದಿ, ಅದಕ್ಕೆ ಕೆಳಗಿನ ಹಂತದಲ್ಲಿ ಟೆಸ್ಟ್ ಬರೆಯಿರಿ. ಕೋಡಿನಲ್ಲಿ ಬೇಕಂತಲೇ ಆ ನಿಯಮ ಕೆಡಿಸಿ ನೋಡಿ. ಹೊಸ ಟೆಸ್ಟ್ ಬಿದ್ದರೆ ಮಾತ್ರ ಹಳೆಯದನ್ನು ತೆಗೆಯಿರಿ.