ತೂಕವನ್ನು ಹೋದ ವಾರದ ಜೊತೆ ಅಲ್ಲ, ಹೋದ ತಿಂಗಳ ಇದೇ ದಿನದ ಜೊತೆ ಹೋಲಿಸಿ

ಪ್ರಶ್ನೆ: ಮೂರು ವಾರದಿಂದ ಡಯಟ್ ಸರಿಯಾಗಿ ಮಾಡ್ತಿದ್ದೀನಿ, ಜಿಮ್‌ನಲ್ಲಿ ವೇಟ್ಸ್ ಕೂಡ ಎತ್ತುತ್ತಿದ್ದೀನಿ. ಈಗ ಪೀರಿಯಡ್ಸ್ ಹತ್ತಿರ ಬಂದಿದೆ. ತೂಕ ಇಳಿಯೋದಿರಲಿ, ಜಾಸ್ತಿಯೇ ಆಗಿದೆ. ಊಟ ಇನ್ನೂ ಕಡಿಮೆ ಮಾಡಬೇಕಾ?

ಬೇಡ. ಈ ವಾರದ ತೂಕ ನೋಡಿ ಊಟ ಕಡಿಮೆ ಮಾಡಲೇಬೇಡಿ. ವೇಟ್ಸ್ ಮಾಡುವ ಹೆಂಗಸರ ತೂಕದ ಲೆಕ್ಕ ನೋಡುವುದೇ ನನ್ನ ಕೆಲಸ. ಈ ಪ್ರಶ್ನೆ ಹೆಚ್ಚಾಗಿ ಬರುವುದೇ ಪೀರಿಯಡ್ಸ್‌ಗೆ ಎರಡು ಮೂರು ದಿನ ಇರುವಾಗ.

ಓವ್ಯುಲೇಷನ್ ಆದ ಮೇಲೆ ಹಾರ್ಮೋನ್‌ಗಳು ಏರುಪೇರಾಗುತ್ತವೆ. ಅದರ ಜೊತೆಗೆ ಹಲವರ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದು ಸಾಮಾನ್ಯವಾಗಿ ಪೀರಿಯಡ್ಸ್ ಶುರುವಾಗುವ ಹೊತ್ತಿಗೆ ಅತಿ ಹೆಚ್ಚಿರುತ್ತದೆ, ಆಮೇಲೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಅರ್ಧ ಕೆಜಿ, ಕೆಲವರಿಗೆ ಒಂದೂವರೆ ಎರಡು ಕೆಜಿ. ಏನೂ ಆಗದವರೂ ಇದ್ದಾರೆ.

ಕೊಬ್ಬು ಕರಗುವುದು ಮಾತ್ರ ಬಹಳ ನಿಧಾನ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 330 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಕರಗುವುದು 300 ಗ್ರಾಂ. ಅಷ್ಟರಲ್ಲಿ ಒಂದು ಕೆಜಿ ನೀರು ತುಂಬಿಕೊಂಡರೆ ಆ 300 ಗ್ರಾಂ ಎಲ್ಲಿ ಕಾಣಿಸಬೇಕು ಹೇಳಿ?

ಒಂದು ಲೆಕ್ಕ ಹಾಕೋಣ. ಸೈಕಲ್ 28 ದಿನದ್ದು, ರಕ್ತಸ್ರಾವ ಶುರುವಾದ ದಿನವೇ 1ನೇ ದಿನ ಅಂದುಕೊಳ್ಳಿ. 6ನೇ ದಿನ ತೂಕ 64.0. 13ನೇ ದಿನ 63.7, ಖುಷಿ. 20ನೇ ದಿನ ಮಷೀನ್ 63.9 ತೋರಿಸುತ್ತದೆ. ಕೊಬ್ಬು ಇಳಿದೇ ಇದೆ, ಆದರೆ ಅರ್ಧ ಕೆಜಿ ನೀರು ಸೇರಿದೆ. 27ನೇ ದಿನ 64.3. ಮೂರು ವಾರದಲ್ಲಿ 900 ಗ್ರಾಂ ಕೊಬ್ಬು ಕರಗಿದ್ದರೂ ಶುರು ಮಾಡಿದಾಗಿನದಕ್ಕಿಂತ ಜಾಸ್ತಿ, ಯಾಕಂದರೆ ಈಗ ನೀರೇ 1.2 ಕೆಜಿ ಇದೆ. ಮುಂದಿನ ಸೈಕಲ್‌ನ 6ನೇ ದಿನ ನೀರು ಇಳಿದು ತೂಕ 62.8. ಇಡೀ ತಿಂಗಳಲ್ಲಿ ಊಟ ಒಂಚೂರೂ ಬದಲಾಗಿಲ್ಲ, ಗಮನಿಸಿ.

ಎಡವಟ್ಟಾಗುವುದು 27ನೇ ದಿನದಲ್ಲಿ. ಗಾಬರಿಯಿಂದ ಊಟ ಅರ್ಧ ಮಾಡಿ, ಕಾರ್ಡಿಯೋ ಡಬಲ್ ಮಾಡುತ್ತಾರೆ. ವಾರದೊಳಗೆ ತೂಕ ಕುಸಿಯುತ್ತದೆ. ಅದು ತಾನಾಗಿಯೇ ಇಳಿಯುತ್ತಿದ್ದ ನೀರು, ಹೆಸರು ಮಾತ್ರ ಉಪವಾಸಕ್ಕೆ! ಮುಂದಿನ ತಿಂಗಳೂ ಅದೇ ಕಥೆ.

ಹಾಗಾಗಿ ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ಏನೂ ತಿನ್ನದೆ ಕುಡಿಯದೆ ತೂಕ ನೋಡಿ. ಪಕ್ಕದಲ್ಲಿ ಸೈಕಲ್‌ನ ಎಷ್ಟನೇ ದಿನ ಅಂತ ಬರೆಯಿರಿ. 6ನೇ ದಿನವನ್ನು 6ನೇ ದಿನದ ಜೊತೆ ಮಾತ್ರ ಹೋಲಿಸಿ. ಸೊಂಟದ ಅಳತೆಗೂ ಇದೇ ನಿಯಮ, ಹೊಟ್ಟೆ ಉಬ್ಬಿದಾಗ ಟೇಪ್ ಕೂಡ ಸುಳ್ಳು ಹೇಳುತ್ತದೆ. ಉಂಗುರ ಬಿಗಿಯಾಗಿದ್ದರೆ, ಸಾಕ್ಸ್ ತೆಗೆದ ಮೇಲೆ ಕಾಲಲ್ಲಿ ಗುರುತು ಆಳವಾಗಿ ಉಳಿದರೆ, ಅದು ನೀರು ಅನ್ನುವುದಕ್ಕೆ ಒಳ್ಳೆ ಸುಳಿವು. ನೀರು ಕುಡಿಯುವುದನ್ನು ನಿಲ್ಲಿಸಿದರೆ ಇದು ಇಳಿಯಲ್ಲ.

ಪೀರಿಯಡ್ಸ್‌ಗೆ ಮುಂಚಿನ ದಿನಗಳಲ್ಲಿ ಹಸಿವು ಜಾಸ್ತಿ ಆಗುವುದು ನಿಮ್ಮ ಭ್ರಮೆ ಅಲ್ಲ. ಕೊನೆಯ ಐದು ದಿನ ದಿನಕ್ಕೆ 150 ಕ್ಯಾಲೊರಿ ಜಾಸ್ತಿ ತಿನ್ನಿ ಅಂತ ನಾನೇ ಹೇಳುತ್ತೇನೆ, ಸಾಧ್ಯವಾದರೆ ಪ್ರೋಟೀನ್ ಇರುವಂಥದ್ದು. ಒಟ್ಟು 750 ಕ್ಯಾಲೊರಿ, ಅಂದರೆ 100 ಗ್ರಾಂ ಕೊಬ್ಬಿನಷ್ಟು ನಿಧಾನ, ಅಷ್ಟೇ. ಹಸಿವು ತಡೆದು ತಡೆದು ಒಂದು ರಾತ್ರಿ ಸಿಕ್ಕಿದ್ದನ್ನೆಲ್ಲ ತಿನ್ನುವುದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ?

ವ್ಯಾಯಾಮದ ವಿಷಯದಲ್ಲಿ, ಇಂಥ ವಾರ ಇಂಥದ್ದೇ ಮಾಡಬೇಕು ಅನ್ನುವ ಚಾರ್ಟ್‌ಗಳ ಮೇಲೆ ನನಗೆ ನಂಬಿಕೆ ಇಲ್ಲ, ಅವಕ್ಕೆ ಗಟ್ಟಿ ಆಧಾರವೂ ಇಲ್ಲ. ಮೊದಲ ಸೆಟ್ ಮಾಡಿ ನೋಡಿ. 40 ಕೆಜಿ ಸ್ಕ್ವಾಟ್ ಎಂದಿನಂತೆ ಎದ್ದರೆ ಮೂರೂ ಸೆಟ್ ಮುಗಿಸಿ. ವಿಪರೀತ ಭಾರ ಅನ್ನಿಸಿದರೆ ಎರಡಕ್ಕೇ ನಿಲ್ಲಿಸಿ, ಬಾರ್ ಮೇಲಿನ ತೂಕ ಅಷ್ಟೇ ಇರಲಿ. ಹೊಟ್ಟೆನೋವು ಇರುವ ದಿನ ಸುಮ್ನೆ ನಡೆದುಬನ್ನಿ. ಹೊಸ ವ್ಯಾಯಾಮವನ್ನು ಈ ವಾರ ಶುರು ಮಾಡದಿದ್ದರೆ ಲೆಕ್ಕ ಸುಲಭ, ಮೈಕೈ ನೋವಿನ ಸ್ನಾಯುಗಳೂ ಒಂದಿಷ್ಟು ನೀರು ಹಿಡಿಯುತ್ತವೆ.

ಹಾಗಂತ ಎಲ್ಲವನ್ನೂ ನೀರಿನ ತಲೆಗೆ ಕಟ್ಟಬೇಡಿ. ಎರಡು ಸೈಕಲ್ ಕಳೆದರೂ 6ನೇ ದಿನದ ತೂಕವೂ ಅಳತೆಯೂ ಅಲ್ಲಾಡದಿದ್ದರೆ ಊಟದ ಲೆಕ್ಕದಲ್ಲೇ ಏನೋ ತಪ್ಪಿದೆ, ಎಣ್ಣೆ ಮತ್ತು ಕುರುಕಲಿನಿಂದ ಹುಡುಕಲು ಶುರು ಮಾಡಿ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಈ ಏರಿಳಿತ ಬೇರೆ ರೀತಿ ಇರಬಹುದು. ಡಯಟ್ ಶುರು ಮಾಡಿದ ಮೇಲೆ ಮೂರು ತಿಂಗಳು ಪೀರಿಯಡ್ಸೇ ಬರದಿದ್ದರೆ ತೂಕ ಇಳಿಸುವುದನ್ನು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ದೇಹಕ್ಕೆ ಊಟ ಸಾಲುತ್ತಿಲ್ಲ ಅನ್ನುವುದು ಅದಕ್ಕೆ ಒಂದು ಕಾರಣ ಇರಬಹುದು.