ಆಮ್ಲ–ಪ್ರತ್ಯಾಮ್ಲ ಪಾಠಕ್ಕೆ ಅಳೆಯಬಹುದಾದ ಉದ್ದೇಶ

“ಏಳನೇ ತರಗತಿ, 40 ನಿಮಿಷದ ಒಂದು ಅವಧಿ. ‘ವಿದ್ಯಾರ್ಥಿಗಳು ಆಮ್ಲ, ಪ್ರತ್ಯಾಮ್ಲ, ತಟಸ್ಥ ವಸ್ತುಗಳನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದಿದ್ದೆ. ಅಳೆಯಲು ಬರುವಂತೆ ತಿದ್ದಿ ಎಂದಿದ್ದಾರೆ. ಅರಿಶಿನ ಕಾಗದ ಮಾಡಿಟ್ಟಿದ್ದೇನೆ. ಹೇಗೆ ಬರೆಯಲಿ?”

ಮೇಡಂ, ಅವಧಿಯ ಕೊನೆಯ ಎಂಟು ನಿಮಿಷಗಳಲ್ಲಿ ಪ್ರತಿ ಮಗುವೂ ಏನು ಮಾಡಿ ತೋರಿಸಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅದನ್ನೇ ಉದ್ದೇಶವಾಗಿ ಬರೆಯಿರಿ. ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬ ಸರ್, ಬ್ಲೂಮ್ ಅವರ ಕಲಿಕಾ ಕ್ರಿಯಾಪದಗಳ ಪಟ್ಟಿಯಿಂದ ‘ವರ್ಗೀಕರಿಸುವರು’ ಎಂಬ ಪದವನ್ನು ಆರಿಸಿಕೊಂಡರೆ ಸಾಕು ಎಂದಿದ್ದಾರೆ. ಪದ ಸರಿಯಾಗಿದೆ, ಆದರೆ ಏನನ್ನು ಕೊಟ್ಟಾಗ, ಯಾವುದರ ನೆರವಿನಿಂದ, ಎಷ್ಟರ ಮಟ್ಟಿಗೆ ಸರಿಯಾಗಿ ಎಂಬುದನ್ನು ಅದು ಹೇಳುವುದಿಲ್ಲ.

ಈ ಮೂರನ್ನೂ ಬರೆಯಲು ಹೊರಟಾಗ ನಿಮ್ಮ ಯೋಜನೆಯ ಒಂದು ತೊಡಕು ಕಾಣುತ್ತದೆ. ಅರಿಶಿನ ಕಾಗದವು ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಆಮ್ಲದಲ್ಲಿಯೂ ತಟಸ್ಥ ದ್ರಾವಣದಲ್ಲಿಯೂ ಹಳದಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಅದೊಂದರಿಂದಲೇ ಮೂರು ಗುಂಪು ಮಾಡಲು ಮಕ್ಕಳಿಗೆ ಸಾಧ್ಯವಿಲ್ಲ. ಕೆಂಪು ಮತ್ತು ನೀಲಿ ಲಿಟ್ಮಸ್ ಎರಡೂ ಬೇಕು.

ನಾನಾದರೆ ಹೀಗೆ ಬರೆಯುತ್ತೇನೆ: “ಹೆಸರು ಹೇಳದ ನಾಲ್ಕು ದ್ರಾವಣಗಳನ್ನು ಕೊಟ್ಟಾಗ, ಕೆಂಪು ಮತ್ತು ನೀಲಿ ಲಿಟ್ಮಸ್ ಕಾಗದಗಳಿಂದ ಪರೀಕ್ಷಿಸಿ, ಕನಿಷ್ಠ ಮೂರನ್ನು ಆಮ್ಲ, ಪ್ರತ್ಯಾಮ್ಲ ಅಥವಾ ತಟಸ್ಥ ಎಂದು ಸರಿಯಾಗಿ ವರ್ಗೀಕರಿಸಿ, ಪ್ರತಿಯೊಂದಕ್ಕೂ ಕಾಗದದ ಬಣ್ಣ ಬದಲಾಯಿತೇ ಇಲ್ಲವೇ ಎಂಬುದನ್ನು ಕಾರಣವಾಗಿ ಬರೆಯುವರು.”

ಪಾಠದಲ್ಲಿ ನಿಂಬೆರಸ, ಸಾಬೂನು ನೀರು, ಉಪ್ಪು ನೀರನ್ನು ಬಳಸಿ. ಕೊನೆಯ ಪರೀಕ್ಷೆಗೆ ಅವನ್ನೇ ಕೊಟ್ಟರೆ ಮಕ್ಕಳು ವಾಸನೆಯಿಂದಲೋ ನೊರೆಯಿಂದಲೋ ಗುರುತಿಸಿಬಿಡುತ್ತಾರೆ. ಸಿಟ್ರಿಕ್ ಆಮ್ಲ, ಅಡುಗೆ ಸೋಡಾ, ಸಕ್ಕರೆ ಕರಗಿಸಿದ ನೀರು ಮತ್ತು ಸುಣ್ಣದ ತಿಳಿನೀರು ನೋಡಲು ಒಂದೇ ತೆರನಾಗಿರುತ್ತವೆ. ಇವುಗಳಲ್ಲಿ ಎರಡು ಪ್ರತ್ಯಾಮ್ಲಗಳಿರುವುದರಿಂದ ‘ಉಳಿದದ್ದು ತಟಸ್ಥ’ ಎಂಬ ಊಹೆಯೂ ನಡೆಯುವುದಿಲ್ಲ. ಪರೀಕ್ಷೆಯನ್ನು ಗುಂಪಿನಲ್ಲಿಯೇ ಮಾಡಿಸಿದರೂ ಉತ್ತರದ ಚೀಟಿಯನ್ನು ಪ್ರತಿಯೊಬ್ಬರೂ ಬೇರೆಯಾಗಿ ಬರೆಯಲಿ. ಚೀಟಿಯಲ್ಲಿ ವರ್ಗ ಸರಿಯಿದ್ದು ಕಾರಣದ ಜಾಗ ಖಾಲಿಯಿದ್ದರೆ, ಪಕ್ಕದವರದನ್ನು ನೋಡಿ ಬರೆದಿರುವ ಸಾಧ್ಯತೆಯೇ ಹೆಚ್ಚು.

‘ಲಿಟ್ಮಸ್ ಪ್ರಯೋಗವನ್ನು ವೀಕ್ಷಿಸುವರು’ ಎಂದು ದಯವಿಟ್ಟು ಬರೆಯಬೇಡಿ. ಅದು ಚಟುವಟಿಕೆಯೇ ಹೊರತು ಕಲಿಕೆಯಲ್ಲ. ಸಾಮಗ್ರಿ ಹಂಚುವುದಕ್ಕೇ ಐದು ನಿಮಿಷ ಹೋಗುವುದರಿಂದ ಇಂತಹ ಒಂದು ಉದ್ದೇಶದ ಜೊತೆಗೆ ಇನ್ನೊಂದು ಚಿಕ್ಕದು ಸಾಕು: “ಅರಿಶಿನ ಕಾಗದದಿಂದ ಆಮ್ಲವನ್ನು ಖಚಿತಪಡಿಸಲಾಗದು ಎಂಬುದಕ್ಕೆ ಒಂದು ಕಾರಣ ಬರೆಯುವರು.” ನಿಮ್ಮ ಕಾಗದವೂ ವ್ಯರ್ಥವಾಗುವುದಿಲ್ಲ.

ಐದು, ಆರು, ಏಳನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುವ ಅಕ್ಕನವರು ಇದು ತಮಗೆ ಆಗದು ಎಂದಿದ್ದಾರೆ. ಅವರು ದ್ರಾವಣಗಳನ್ನು ಎರಡಕ್ಕೆ ಇಳಿಸಬಹುದು, ಆದರೆ ಆಗ ಊಹೆಗೆ ಅವಕಾಶ ಹೆಚ್ಚುತ್ತದೆ. ಹಾಗಾಗಿ ಕಾರಣ ಬರೆಸುವುದನ್ನು ಅವರು ಬಿಡಬಾರದು. ವೈಜ್ಞಾನಿಕ ಮನೋಭಾವವನ್ನು ಒಂದು ಅವಧಿಯ ಉದ್ದೇಶವಾಗಿ ಬರೆಯಬಹುದೇ ಎಂಬ ಇನ್ನೊಬ್ಬರ ಪ್ರಶ್ನೆಗೆ ನನ್ನ ಬಳಿ ಖಚಿತ ಉತ್ತರವಿಲ್ಲ. ನಾನು ಅದನ್ನು ಇಡೀ ಘಟಕದ ಗುರಿಯಾಗಿ ಮಾತ್ರ ಬರೆಯುತ್ತೇನೆ.