ಲಕ್ಕುಂಡಿಗೆ ಬಸ್ ಹತ್ತುವ ಮೊದಲೇ ಬಿ-ರೋಲ್ ಲೆಕ್ಕ

“ಲಕ್ಕುಂಡಿ ವಿಡಿಯೋಗೆ ಏಳು ನಿಮಿಷ ವಾಯ್ಸ್ ಓವರ್ ಮಾಡಿದೆ. ಎಡಿಟ್‌ಗೆ ಕೂತರೆ ನಾಲ್ಕು ನಿಮಿಷಕ್ಕೇ ಕ್ಲಿಪ್ ಖಾಲಿ. ಅದೇ ಗುಡಿ ತಿರುಗಿ ತಿರುಗಿ ಬರ್ತದ. ಈ ಭಾನುವಾರ ಮತ್ತೆ ಹೋಗಾಕತ್ತೀನಿ. ಎಷ್ಟು ಕ್ಲಿಪ್, ಏನೇನು ತರಬೇಕ್ರಿ?”

ತಮ್ಮಾ, ಬಿ-ರೋಲ್ ಅಂದರೆ ಮಾತು ನಡೆಯುವಾಗ ಅದರ ಮೇಲೆ ತೋರಿಸೋ ಕ್ಲಿಪ್, ಅದು ಎಷ್ಟು ಅನ್ನೋದಕ್ಕಿಂತ ಯಾವ ಮಾತಿಗೆ ಎಷ್ಟು ಅನ್ನೋದು ಮುಖ್ಯ. ಎರಡು ವರ್ಷದ ಹಿಂದೆ ನಾನೂ ಅದೇ ಊರಿಂದ 140 ಕ್ಲಿಪ್ ತಂದಿದ್ದೆ. ಮನೆಗೆ ಬಂದು ನೋಡಿದರೆ 90 ಬರೀ ಗುಡಿಯ ಹೊರಗೋಡೆ. ಮುಸುಕಿನ ಬಾವಿ ಬಗ್ಗೆ 50 ಸೆಕೆಂಡ್ ಮಾತಾಡಿದ್ದೆ, ಬಾವಿಯ ಕ್ಲಿಪ್ ಇದ್ದದ್ದು ಮೂರೇ ಮೂರು. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು “128 ಜಿಬಿ ಕಾರ್ಡ್ ತಗೊಳ್ಳಿ, ಖಾಲಿ ಆಗಲ್ಲ” ಅಂದಿದ್ದಾರೆ. ಖಾಲಿ ಆಗಿದ್ದು ಕಾರ್ಡ್ ಅಲ್ಲ ಸರ್, ತೋರಿಸೋಕೆ ಚಿತ್ರ!

ನಿಮ್ಮ ಹತ್ತಿರ ಬರೆದ ಮಾತು ಈಗಾಗಲೇ ಇದೆ, ಅದೇ ದೊಡ್ಡ ಅನುಕೂಲ. ಹೊರಡುವ ಮುಂಚೆ ಅದನ್ನು ಫೋನ್‌ನಲ್ಲಿ ಓದಿ ರೆಕಾರ್ಡ್ ಮಾಡಿ. ಚೆಂದ ಇರಬೇಕು ಅಂತೇನಿಲ್ಲ, ನಿಮ್ಮ ನಿಜವಾದ ವೇಗ ಇದ್ದರೆ ಸಾಕು. ಆಮೇಲೆ ಪ್ರತಿ ಪ್ಯಾರಾ ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲೇ ಬರೆದುಕೊಳ್ಳಿ. ಉದಾಹರಣೆಗೆ, ಗದಗದಿಂದ ಬಸ್‌ನಲ್ಲಿ ಬರೋದು 40 ಸೆಕೆಂಡ್, ಕಾಶಿ ವಿಶ್ವನಾಥ ಗುಡಿ 90, ಬ್ರಹ್ಮ ಜಿನಾಲಯ ಮತ್ತು ಅತ್ತಿಮಬ್ಬೆ 110, ಬಾವಿ 50, ಊರು ಮತ್ತು ತಿಂಡಿ 60. ಒಟ್ಟು 350. ಉಳಿದ 70 ಸೆಕೆಂಡ್ ಮಾತಾಡುವ ನಿಮ್ಮ ಮುಖಕ್ಕೇ ಹೋಯಿತು ಅನ್ನಿ.

ನಾನು ಒಂದು ಚಿತ್ರಕ್ಕೆ 4 ಸೆಕೆಂಡ್ ಹಿಡಿಯುತ್ತೇನೆ. ಬಾವಿಯ 50 ಸೆಕೆಂಡಿಗೆ 12-13 ಚಿತ್ರ ಬೇಕು. ಅಲುಗಾಡಿದ್ದು, ಮಸುಕಾಗಿದ್ದು, ಯಾರೋ ಅಡ್ಡ ಬಂದದ್ದು ಕಳೆದು ಅಷ್ಟು ಉಳಿಯಬೇಕಾದರೆ ಒಂದೂವರೆ ಪಟ್ಟು, ಅಂದರೆ 18-20 ತೆಗೆಯಬೇಕು. ಇಡೀ ವಿಡಿಯೋಗೆ 88 ಬೇಕು, ಸುಮಾರು 130 ತನ್ನಿ. ಆದರೆ ಆ 130ನ್ನು ಒಂದೇ ರಾಶಿ ಅಂತ ಎಣಿಸಬೇಡಿ. ಬಾವಿಯಲ್ಲಿ ಕಡಿಮೆ ಬಿದ್ದರೆ ಗುಡಿಯಲ್ಲಿ ಹೆಚ್ಚಾಗಿದ್ದು ತುಂಬಿಕೊಡೋದಿಲ್ಲ.

ಮದುವೆ ವಿಡಿಯೋ ಮಾಡುವ ಅಣ್ಣ ಒಬ್ಬರು ಇದೇ ಪ್ರಶ್ನೆಗೆ ಒಂದು ಚಿತ್ರಕ್ಕೆ 7 ಸೆಕೆಂಡ್ ಅಂದಿದ್ದಾರೆ. ಮದುವೆಯಲ್ಲಿ ಜನ ಓಡಾಡುತ್ತಿರುತ್ತಾರೆ, ಅಲ್ಲಿ 7 ನಡೆಯುತ್ತದೆ. ಕಲ್ಲಿನ ಕಂಬವನ್ನು 7 ಸೆಕೆಂಡ್ ಇಟ್ಟರೆ ನೋಡುವವರು ಫೋನ್ ಕೈಗೆ ತಗೋತಾರೆ ಅಂತ ನನ್ನ ಅನಿಸಿಕೆ. ಅಣ್ಣ ಒಪ್ಪಲ್ಲ, ಇರಲಿ.

ಇನ್ನು ನಿಜವಾದ ತೊಂದರೆಗೆ ಬರೋಣ. ಬರೆದದ್ದರಲ್ಲಿ ಕ್ಯಾಮೆರಾಗೆ ಸಿಗದ ಸಾಲುಗಳಿಗೆಲ್ಲ ಕೆಂಪು ಪೆನ್ನಿಂದ ಗೆರೆ ಎಳೆಯಿರಿ. “ಅತ್ತಿಮಬ್ಬೆ ಗ್ರಂಥದ ಸಾವಿರ ಪ್ರತಿ ಬರೆಸಿ ಹಂಚಿದಳು” ಅಂತ ನೀವು ಹೇಳುತ್ತೀರಿ. ಏನು ತೋರಿಸ್ತೀರಿ? “ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳ್ತಾರೆ” ಅಂತೀರಿ. ನೂರೊಂದನ್ನು ಎಲ್ಲಿಂದ ತರೋದು? ಅದೇ ಗುಡಿ ತಿರುಗಿ ಬರೋದು ಇಂಥ ಸಾಲುಗಳ ಮೇಲೆಯೇ. ಹಳೆಯ ವಿಡಿಯೋ ತೆಗೆದು ನೋಡಿ, ಗೊತ್ತಾಗುತ್ತದೆ.

ಅತ್ತಿಮಬ್ಬೆಯ ಸಾಲು 14 ಸೆಕೆಂಡ್ ಅಂತಿಟ್ಟುಕೊಳ್ಳಿ. ನಾನಾದರೆ ಶಾಸನದ ಕಲ್ಲಿನ ಹತ್ತಿರ ಹೋಗಿ, ಒಂದೇ ಸಾಲಿನ ಅಕ್ಷರಗಳ ಮೇಲೆ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನ ಒಯ್ಯುತ್ತೇನೆ. ಆಮೇಲೆ ಒಂದೇ ಒಂದು ಅಕ್ಷರ, ಪೂರ್ತಿ ಹತ್ತಿರದಿಂದ. ಆಮೇಲೆ ಬಸದಿಯ ಒಳಗಿಂದ ಹೊರಗಿನ ಬೆಳಕು ಕಾಣುವ ಖಾಲಿ ಬಾಗಿಲು, ಅದನ್ನು ಮಾತ್ರ ಉದ್ದಕ್ಕೆ ಹಿಡಿಯುತ್ತೇನೆ. ಮೂರೇ ಚಿತ್ರ, ಸಾಲು ಮುಗಿಯಿತು. ‘ಹಂಚಿದಳು’ ಅಂದಾಗ ಯಾರದೋ ಕೈಗೆ ಏನೋ ಕೊಡುವ ಚಿತ್ರ ಹಾಕಬೇಡಿ, ನಾಟಕದ ಹಾಗೆ ಕಾಣುತ್ತದೆ. ನೂರೊಂದರ ಸಾಲಿಗೆ ಎಣಿಕೆ ಬೇಡ. ಬೇರೆ ಬೇರೆ ಐದು ಗುಡಿಗಳ ಹೊಸ್ತಿಲನ್ನು ಅಷ್ಟೇ ದೂರದಿಂದ, ಅಷ್ಟೇ ಎತ್ತರದಿಂದ ತೆಗೆದು, ಒಂದೊಂದು ಸೆಕೆಂಡಿನಂತೆ ಜೋಡಿಸಿ. ಬಹಳ ಇವೆ ಅನ್ನೋದು ತಾನೇ ಬರುತ್ತದೆ. ಇದನ್ನು ಪಟ್ಟಿಯಲ್ಲಿ ಮೊದಲೇ ಬರೆದಿರದಿದ್ದರೆ ಅಲ್ಲಿ ಹೊಸ್ತಿಲು ನೆನಪಾಗೋದೇ ಇಲ್ಲ.

ಇಲ್ಲೇ ಉತ್ತರ ಕೊಟ್ಟ ಧಾರವಾಡದ ಅಕ್ಕ ಒಬ್ಬರು “ಏನೇ ಇರಲಿ ಐದು ಅಳತೆ ತೆಗೀರಿ: ದೂರ, ನಡು, ಹತ್ತಿರ, ಕೈ, ಮುಖ” ಅಂದಿದ್ದಾರೆ. ಅರ್ಧ ಸರಿ ಅಕ್ಕಾ. ಕೆಲಸ ಮಾಡುವ ಮನುಷ್ಯರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಗದಗ ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಕರಿಯುವವರನ್ನೇ ನೋಡಿ. ಮೆಣಸಿನಕಾಯಿ ಹಿಟ್ಟಿನಲ್ಲಿ ಮುಳುಗೋದು, ಎಣ್ಣೆಗೆ ಬಿದ್ದ ಕೂಡಲೇ ಸುತ್ತ ನೊರೆ ಏಳೋದು, ಜಾಲರಿ ಸೌಟಿನಲ್ಲಿ ಎತ್ತಿ ಎಣ್ಣೆ ಇಳಿಸೋದು, ಕಾಗದದ ಮೇಲೆ ಇಡೋದು, ತಿನ್ನುವವರ ಮುಖ. ಅವರು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆ, ಅದಕ್ಕೇ ಪ್ರತಿ ಸಲ ಬೇರೆ ಕಡೆ ನಿಂತು ತೆಗೆಯಬಹುದು. ಒಂದು ಅಂಗಡಿಯಿಂದ 25 ಸೆಕೆಂಡ್ ಆರಾಮ ಸಿಗುತ್ತದೆ. ಕೇಳಿ ತೆಗೀರಿ, ಒಂದು ಪ್ಲೇಟ್ ಕೊಂಡೂ ತೆಗೀರಿ. ಆದರೆ ಕಂಬಕ್ಕೆ ಐದು ಅಳತೆ ತೆಗೆದರೆ ಅದು ಐದು ಸಲ ಅದೇ ಕಂಬ. ಕಂಬಕ್ಕೆ ಎರಡು ಸಾಕು, ಉಳಿದ ಸಮಯವನ್ನು ಅದರ ಪಕ್ಕ ನೆರಳಲ್ಲಿ ಕೂತ ಅಜ್ಜನಿಗೋ, ಆಟ ಆಡುವ ಹುಡುಗರಿಗೋ ಕೊಡಿ. ಕಲ್ಲಿನ ಊರಲ್ಲಿ ಅಲ್ಲಾಡುವುದೆಲ್ಲ ಬಂಗಾರ.

ತೆಗೆಯುವಾಗ ಮನಸ್ಸಿನಲ್ಲಿ ಹತ್ತು ಎಣಿಸಿ, ಕೈ ಅಲ್ಲಾಡಿಸಬೇಡಿ. ನಾವೆಲ್ಲ ಐದಕ್ಕೇ ನಿಲ್ಲಿಸಿಬಿಡುತ್ತೇವೆ. ಗುಂಡಿ ಒತ್ತುವಾಗ ಮೊದಲಿಗೆ ಒಂದು, ಕೊನೆಗೆ ಒಂದು ಸೆಕೆಂಡ್ ಅಲುಗಿ ಹೋಗುತ್ತದೆ, ಉಳಿಯೋದು ಮೂರು. ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಕೇಳುತ್ತಾರೆ. ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಮೊಣಕೈಯನ್ನು ಎದೆಗೆ ಒತ್ತಿ ನಿಂತುಬಿಡಿ.

ಬೆಳಕನ್ನೂ ಪಟ್ಟಿಯಲ್ಲಿ ಬರೀರಿ. ಗೋಡೆಯ ಕುಸುರಿ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗಲೇ ಕೆತ್ತನೆಯ ಆಳ ಕಾಣೋದು. ಕಾಶಿ ವಿಶ್ವನಾಥದಲ್ಲಿ ಎರಡು ಗರ್ಭಗುಡಿ ಎದುರುಬದುರು, ಶಿವನದು ಪೂರ್ವಕ್ಕೆ, ಸೂರ್ಯನದು ಪಶ್ಚಿಮಕ್ಕೆ. ಹಾಗಾಗಿ ಅಲ್ಲಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಬೇಕು. ಬಾವಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಬಿಸಿಲು ಕೆಳಗಿನ ಮೆಟ್ಟಿಲ ಕಡೆಗೆ ಇಳಿಯೋದು ಆಗಲೇ. ಬೆಳಗಿನ ಹಳದಿ ಬೆಳಕಿನ ಕ್ಲಿಪ್ ಪಕ್ಕ ನಡುಹಗಲಿನ ಬಿಳಿ ಕ್ಲಿಪ್ ಇಟ್ಟರೆ ಕಣ್ಣಿಗೆ ಕುಟುಕುತ್ತದೆ. ಹಾಗಾಗಿ ಒಂದು ಪ್ಯಾರಾದ ಚಿತ್ರಗಳನ್ನು ಆದಷ್ಟು ಒಂದೇ ಹೊತ್ತಿನಲ್ಲಿ ಮುಗಿಸಿ.

ಜನ ಮರೆಯೋದು ಇನ್ನೊಂದಿದೆ. ಕೊನೆಗೆ ವಾಯ್ಸ್ ಓವರ್ ಹಾಕಿದಾಗ ಮಾತಿನ ನಡುವೆ ಉಸಿರು ಬಿಡಬೇಕಾಗುತ್ತದೆ. ಬಾವಿಯಲ್ಲಿ ಪಾರಿವಾಳದ ಸದ್ದು, ಬಸ್ಸಿನ ಹಾರ್ನ್, ಎಣ್ಣೆಯ ಚುರ್ ಅನ್ನೋದು. ನಾಲ್ಕೈದು ಕಡೆ ಐದೈದು ಸೆಕೆಂಡ್ ಹಾಗೆ ಬಿಟ್ಟರೆ 20-25 ಸೆಕೆಂಡ್ ಹೆಚ್ಚಾಯಿತು. ಆ ಜಾಗಕ್ಕೂ ಸದ್ದು ಚೆನ್ನಾಗಿ ಬಂದ ಕ್ಲಿಪ್ ಬೇಕು, ಅಲ್ಲಿ ನಿಂತು ‘ವಾವ್’ ಅಂತ ನೀವೇ ಮಾತಾಡಿದ್ದಲ್ಲ. (ನನ್ನ ಹಳೆ ಕ್ಲಿಪ್‌ಗಳಲ್ಲಿ ನನ್ನದೇ ಗಂಟಲು ತುಂಬಿದೆ.)

ವಾಪಸ್ ಬಸ್ ಹತ್ತುವ ಮುಂಚೆ ಒಂದು ತಾಸು ಇಟ್ಟುಕೊಳ್ಳಿ. ಎಲ್ಲಾದರೂ ಕಟ್ಟೆ ಮೇಲೆ ಕೂತು ಇಯರ್‌ಫೋನ್ ಹಾಕಿ, ನೀವು ಓದಿದ ರೆಕಾರ್ಡಿಂಗ್ ಕೇಳುತ್ತಾ ಪಟ್ಟಿಗೆ ಟಿಕ್ ಹಾಕಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅದನ್ನು ಆಗಲೇ ಹೋಗಿ ತೆಗೆಯಿರಿ. ಕಳೆದ ಸಲ ನನ್ನ ಪೆನ್ನು ನಿಂತದ್ದು ಬಸ್‌ಸ್ಟಾಪಿನ ಊರ ಹೆಸರಿನ ಬೋರ್ಡ್ ಹತ್ತಿರ. ಇಡೀ ದಿನ ಅದರ ಕೆಳಗೇ ಓಡಾಡಿದ್ದೆ, ಒಂದೂ ಕ್ಲಿಪ್ ಇರಲಿಲ್ಲ.